ಪ್ರಶ್ನೆಗಳೇ ಥೀಮ್‌ಗಳಲ್ಲ

ಸಮಾಜಕಾರ್ಯ, ನರ್ಸಿಂಗ್, ಶಿಕ್ಷಣ, ಮನೋವಿಜ್ಞಾನ, ಪತ್ರಿಕೋದ್ಯಮ ಓದುವ ವಿದ್ಯಾರ್ಥಿಗಳಿಗೆ ಒಂದಲ್ಲ ಒಂದು ಸೆಮಿಸ್ಟರಿನಲ್ಲಿ ಇಂಥದೊಂದು ಅಸೈನ್‌ಮೆಂಟ್ ಬಂದೇ ಬರುತ್ತದೆ: ಐದಾರು ಜನರನ್ನು ಸಂದರ್ಶಿಸಿ, ಅವರ ಮಾತನ್ನು ಅಕ್ಷರಕ್ಕಿಳಿಸಿ, ಅದನ್ನು ಕೋಡ್ ಮಾಡಿ, ಥೀಮ್‌ಗಳನ್ನು ಗುರುತಿಸಿ ವರದಿ ಬರೆಯಿರಿ. ಸಂದರ್ಶನ ಮುಗಿಯುವವರೆಗೆ ಎಲ್ಲವೂ ಸುಸೂತ್ರವಾಗಿ ನಡೆಯುತ್ತದೆ. ಆಮೇಲೆ ಅರವತ್ತು ಎಪ್ಪತ್ತು ಪುಟಗಳ ಮಾತು ಮುಂದೆ ಬಿದ್ದಾಗ ಎಲ್ಲಿಂದ ಶುರು ಮಾಡಬೇಕು ಎನ್ನುವುದೇ ತಿಳಿಯುವುದಿಲ್ಲ. ಕೊನೆಗೆ ಬಹುಪಾಲು ವರದಿಗಳು ಹಿಡಿಯುವ ದಾರಿ ಒಂದೇ. ಸಂದರ್ಶನದಲ್ಲಿ ಕೇಳಿದ ಮೂರು ಪ್ರಶ್ನೆಗಳು ಮೂರು ಥೀಮ್‌ಗಳಾಗುತ್ತವೆ. ಪ್ರತಿಯೊಂದರ ಕೆಳಗೆ ಯಾರ್‍ಯಾರು ಏನೇನು ಹೇಳಿದರು ಎಂಬ ಸಾರಾಂಶ ಬರುತ್ತದೆ. ಓದಿದವರಿಗೆ ಸಂದರ್ಶನದಲ್ಲಿ ಏನು ನಡೆಯಿತೆಂದು ತಿಳಿಯುತ್ತದೆ, ಅದರ ಅರ್ಥವೇನೆಂದು ತಿಳಿಯುವುದಿಲ್ಲ.

ಈ ಒಂದು ತಪ್ಪನ್ನು ತಿದ್ದಿಕೊಂಡರೆ ಇಡೀ ವಿಶ್ಲೇಷಣೆಯ ಮಟ್ಟವೇ ಬದಲಾಗುತ್ತದೆ. ಅದನ್ನು ತಿದ್ದುವ ಬಗೆಯನ್ನು ಒಂದು ಉದಾಹರಣೆ ಹಿಡಿದು, ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ವಿಧಾನ ಎಲ್ಲಿಯದು

ಸಂದರ್ಶನದ ಮಾತುಗಳಲ್ಲಿ ಮತ್ತೆ ಮತ್ತೆ ಕಾಣುವ ಅರ್ಥದ ಎಳೆಗಳನ್ನು ಹುಡುಕಿ ಜೋಡಿಸುವ ಈ ಪದ್ಧತಿಗೆ ಥೀಮ್ಯಾಟಿಕ್ ಅನಾಲಿಸಿಸ್ ಎಂದು ಹೆಸರು. ಇದನ್ನು ಹಲವರು ಹಲವು ಬಗೆಯಲ್ಲಿ ಬಳಸುತ್ತ ಬಂದಿದ್ದರು. 2006ರಲ್ಲಿ ವರ್ಜೀನಿಯಾ ಬ್ರೌನ್ ಮತ್ತು ವಿಕ್ಟೋರಿಯಾ ಕ್ಲಾರ್ಕ್ ಎಂಬ ಇಬ್ಬರು ಮನೋವಿಜ್ಞಾನಿಗಳು ಒಂದು ಲೇಖನ ಬರೆದು ಅದಕ್ಕೆ ಆರು ಹಂತಗಳ ಸ್ಪಷ್ಟ ರೂಪ ಕೊಟ್ಟರು. ಮೊದಲು ಮಾತನ್ನು ಮತ್ತೆ ಮತ್ತೆ ಓದಿ ಪರಿಚಯ ಮಾಡಿಕೊಳ್ಳುವುದು, ಆಮೇಲೆ ಕೋಡ್ ಹಾಕುವುದು, ಕೋಡ್‌ಗಳಿಂದ ಥೀಮ್ ಕಟ್ಟುವುದು, ಕಟ್ಟಿದ್ದನ್ನು ಪರೀಕ್ಷಿಸುವುದು, ಹೆಸರು ಕೊಟ್ಟು ವ್ಯಾಖ್ಯಾನಿಸುವುದು, ಕೊನೆಗೆ ಬರೆಯುವುದು. ಇಂದು ನಮ್ಮ ಕಾಲೇಜುಗಳಲ್ಲಿ ಕೊಡುವ ಅಸೈನ್‌ಮೆಂಟ್‌ಗಳು ಹೆಚ್ಚಾಗಿ ಈ ಆರು ಹಂತಗಳನ್ನೇ ಅನುಸರಿಸುತ್ತವೆ.

ಇಲ್ಲಿ ಎರಡು ಪದಗಳ ಅರ್ಥ ಸ್ಪಷ್ಟವಾಗಿರಬೇಕು. ಕೋಡ್ ಎಂದರೆ ಮಾತಿನ ಒಂದು ತುಣುಕಿಗೆ ನಾವು ಕೊಡುವ ಚಿಕ್ಕ ಗುರುತು. ಆ ತುಣುಕಿನಲ್ಲಿ ನಮ್ಮ ಸಂಶೋಧನಾ ಪ್ರಶ್ನೆಗೆ ಸಂಬಂಧಪಟ್ಟದ್ದು ಏನಿದೆ ಎಂಬುದನ್ನು ಅದು ನಾಲ್ಕೈದು ಪದಗಳಲ್ಲಿ ಹೇಳುತ್ತದೆ. ಥೀಮ್ ಎಂದರೆ ಹಲವು ಕೋಡ್‌ಗಳ ಹಿಂದೆ ನಿಂತಿರುವ ಒಂದು ಅರ್ಥ. ಬೇರೆ ಬೇರೆ ಜನರು ಬೇರೆ ಬೇರೆ ಸಂದರ್ಭದಲ್ಲಿ ಹೇಳಿದ ಮಾತುಗಳನ್ನು ಹಿಡಿದಿಡುವ ಒಂದು ಕೇಂದ್ರ ವಿಚಾರ ಅದಕ್ಕಿರಬೇಕು. ‘ಹಣ’ ಎನ್ನುವುದು ವಿಷಯ, ಅದು ಥೀಮ್ ಅಲ್ಲ. ಹಣದ ಬಗ್ಗೆ ಈ ಜನರು ಒಟ್ಟಾರೆ ಏನು ಹೇಳುತ್ತಿದ್ದಾರೆ ಎಂಬುದು ಥೀಮ್ ಆಗಬಹುದು.

ಒಂದು ಉದಾಹರಣೆ

ಕರ್ನಾಟಕದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂತು. ರಾಜ್ಯದ ಮಹಿಳೆಯರು ಸರ್ಕಾರಿ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಗುರುತಿನ ಚೀಟಿ ತೋರಿಸಿ, ಶೂನ್ಯ ದರದ ಟಿಕೆಟ್ ಪಡೆದು ಓಡಾಡಬಹುದು. ಸಮಾಜಕಾರ್ಯ ಓದುವ ವಿದ್ಯಾರ್ಥಿನಿಯೊಬ್ಬಳು ಈ ವಿಷಯ ಆರಿಸಿಕೊಂಡಳೆನ್ನಿ. ಅವಳ ಸಂಶೋಧನಾ ಪ್ರಶ್ನೆ: ‘ಉಚಿತ ಪ್ರಯಾಣವು ಮಹಿಳೆಯರ ಓಡಾಟದ ಅನುಭವವನ್ನು ಹೇಗೆ ಬದಲಿಸಿದೆ?’ ಆರು ಮಹಿಳೆಯರನ್ನು ತಲಾ ನಲವತ್ತು ನಿಮಿಷ ಮಾತಾಡಿಸುತ್ತಾಳೆ. ಖರ್ಚು ಎಷ್ಟು ಉಳಿಯಿತು, ಓಡಾಟ ಹೆಚ್ಚಿತೇ, ಬಸ್ಸಿನಲ್ಲಿ ಅನುಭವ ಹೇಗಿದೆ ಎಂಬ ಮೂರು ಮುಖ್ಯ ಪ್ರಶ್ನೆಗಳನ್ನು ಕೇಳುತ್ತಾಳೆ. ಯೋಜನೆ ನಿಜ. ಆದರೆ ಈ ವಿದ್ಯಾರ್ಥಿನಿ, ಇಲ್ಲಿ ಬರುವ ಮಹಿಳೆಯರು, ಅವರ ಮಾತುಗಳು ಎಲ್ಲವೂ ವಿಧಾನವನ್ನು ವಿವರಿಸಲೆಂದು ನಾನು ರಚಿಸಿದವು. ಇವು ಯಾವುದೇ ಅಧ್ಯಯನದ ಫಲಿತಾಂಶಗಳಲ್ಲ.

ಮೊದಲ ಕೆಲಸ ಧ್ವನಿಮುದ್ರಣವನ್ನು ಅಕ್ಷರಕ್ಕಿಳಿಸುವುದು. ಒಂದು ಗಂಟೆಯ ಮಾತನ್ನು ಬರೆದುಕೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ, ಗದ್ದಲವಿದ್ದರೆ ಇನ್ನೂ ಹೆಚ್ಚು. ಬೇಸರವೆನಿಸಿದರೂ ಈ ಹೊತ್ತು ವ್ಯರ್ಥವಲ್ಲ, ಏಕೆಂದರೆ ಮಾತಿನ ಮೊದಲ ಪರಿಚಯ ಆಗುವುದು ಇಲ್ಲೇ. ಆಡುಮಾತನ್ನು ಗ್ರಾಂಥಿಕಕ್ಕೆ ತಿದ್ದಬಾರದು. ಎಲ್ಲಿ ನಕ್ಕರು, ಎಲ್ಲಿ ತಡೆದು ನಿಂತರು ಎಂಬುದನ್ನು ಆವರಣದಲ್ಲಿ ಗುರುತಿಸಬೇಕು. ಪ್ರತಿ ಸಾಲಿಗೂ ಸಂಖ್ಯೆ ಇರಬೇಕು. ಕನ್ನಡದಲ್ಲಿ ನಡೆದ ಸಂದರ್ಶನವನ್ನು ಕನ್ನಡದಲ್ಲೇ ಕೋಡ್ ಮಾಡುವುದು ಒಳ್ಳೆಯದು. ವರದಿ ಇಂಗ್ಲಿಷಿನಲ್ಲಿ ಬರೆಯಬೇಕಿದ್ದರೂ ಉಲ್ಲೇಖಿಸುವ ಮಾತುಗಳನ್ನು ಮಾತ್ರ ಕೊನೆಯಲ್ಲಿ ಅನುವಾದಿಸಿಕೊಂಡರೆ ಸಾಕು.

ಈಗ ಒಂದು ತುಣುಕನ್ನು ನೋಡೋಣ. ಮಾತಾಡುತ್ತಿರುವವರು ಪೇಟೆಗೆ ಹೋಗಿ ಹೂವು ಮಾರುವ, 45ರ ಆಸುಪಾಸಿನ ಮಹಿಳೆ.

“ಮುಂಚೆ ದಿನಾ ಅರವತ್ತು ರೂಪಾಯಿ ಬಸ್ಸಿಗೇ ಹೋಗ್ತಿತ್ತು. ಈಗ ಉಳಿಯುತ್ತೆ. ಉಳಿಯುತ್ತೆ ಅಂದ್ರೆ (ನಗು) ಕೈಲಿ ಏನೂ ಇರಲ್ಲ, ಮನೇಗೇ ಹೋಗುತ್ತೆ. ಆದ್ರೂ ಬೆಳಗ್ಗೆ ಎದ್ದು ಬಸ್‌ಚಾರ್ಜು ಕೊಡಿ ಅಂತ ಅವ್ರ ಮುಂದೆ ಕೈಚಾಚೋದು ತಪ್ತು. ಕಂಡಕ್ಟರು ಕೆಲವ್ರು, ‘ಏನಮ್ಮಾ, ಫ್ರೀ ಅಂತ ಸುಮ್‌ಸುಮ್ನೆ ಓಡಾಡ್ತೀರಾ’ ಅಂತಾರೆ. ನಾನು ವ್ಯಾಪಾರಕ್ಕೆ ಹೋಗೋಳು ಅಂತ ಬುಟ್ಟಿ ತೋರಿಸ್ತೀನಿ.”

ಕೋಡ್ ಹಾಕುವುದು

ಹೊಸಬರು ಈ ತುಣುಕಿಗೆ ಸಾಮಾನ್ಯವಾಗಿ ಎರಡು ಕೋಡ್ ಹಾಕುತ್ತಾರೆ: ‘ಹಣ’ ಮತ್ತು ‘ಕಂಡಕ್ಟರ್’. ಇವು ತಪ್ಪೆಂದಲ್ಲ, ಆದರೆ ಮುಂದೆ ಉಪಯೋಗಕ್ಕೆ ಬರುವುದಿಲ್ಲ. ಆರು ಸಂದರ್ಶನ ಮುಗಿದ ಮೇಲೆ ‘ಹಣ’ ಎಂಬ ಕೋಡಿನಡಿ ಮೂವತ್ತು ತುಣುಕುಗಳು ಸೇರಿರುತ್ತವೆ. ಅವುಗಳಲ್ಲಿ ಏನಿದೆ ಎಂದು ತಿಳಿಯಲು ಮೂವತ್ತನ್ನೂ ಮತ್ತೆ ಮೊದಲಿನಿಂದ ಓದಬೇಕಾಗುತ್ತದೆ. ಕೋಡ್ ಸರಿಯಾಗಿದೆಯೇ ಎಂದು ನೋಡಲು ಒಂದು ಸರಳ ಪರೀಕ್ಷೆ ಇದೆ: ಮೂಲ ಮಾತನ್ನು ಮುಚ್ಚಿಟ್ಟು ಕೋಡನ್ನಷ್ಟೇ ಓದಿ. ಆ ವ್ಯಕ್ತಿ ಏನು ಹೇಳಿದರೆಂಬುದರ ಸುಳಿವು ಸಿಕ್ಕರೆ ಅದು ಒಳ್ಳೆಯ ಕೋಡ್.

ಇದೇ ತುಣುಕನ್ನು ನಿಧಾನವಾಗಿ ಓದಿದರೆ ಹೀಗೆ ಕೋಡ್ ಮಾಡಬಹುದು:

- ಬಸ್ ಖರ್ಚು ಉಳಿದರೂ ಕೈಯಲ್ಲಿ ಹಣ ನಿಲ್ಲದಿರುವುದು
- ಗಂಡನ ಮುಂದೆ ಕೈಚಾಚುವುದು ತಪ್ಪಿದ ಸಮಾಧಾನ
- ‘ಸುಮ್ಮನೆ ಓಡಾಡುವವಳು’ ಎಂಬ ಅನುಮಾನ ಎದುರಿಸುವುದು
- ಬುಟ್ಟಿ ತೋರಿಸಿ ಪ್ರಯಾಣಕ್ಕೆ ಕಾರಣವಿದೆಯೆಂದು ಸಾಬೀತು ಮಾಡುವುದು

ಐದಾರು ಸಾಲಿಗೆ ನಾಲ್ಕು ಕೋಡ್. ಒಂದೇ ವಾಕ್ಯಕ್ಕೆ ಎರಡು ಕೋಡ್ ಬಂದರೂ ತೊಂದರೆಯಿಲ್ಲ. ಸಂಶೋಧನಾ ಪ್ರಶ್ನೆಗೆ ಸಂಬಂಧವೇ ಇಲ್ಲದ ಸಾಲುಗಳಿಗೆ ಕೋಡ್ ಹಾಕಲೇಬೇಕೆಂದೂ ಇಲ್ಲ. ಮಗಳ ಮದುವೆಯ ಬಗ್ಗೆ ಆಕೆ ಹತ್ತು ನಿಮಿಷ ಮಾತಾಡಿದ್ದರೆ, ಅದರಲ್ಲಿ ಓಡಾಟಕ್ಕೆ ತಾಕುವ ಮಾತಿದ್ದರೆ ಮಾತ್ರ ಅದಕ್ಕೆ ಕೋಡ್.

ಮೇಲಿನ ನಾಲ್ಕೂ ಆಕೆಯ ಮಾತಿನ ಮೇಲ್ಮೈಯಲ್ಲೇ ಇರುವ ಅರ್ಥಗಳು. ಕೆಲವೊಮ್ಮೆ ಆಡದೆ ಬಿಟ್ಟದ್ದಕ್ಕೂ ಕೋಡ್ ಹಾಕಬೇಕಾಗುತ್ತದೆ. ಬುಟ್ಟಿ ತೋರಿಸುವ ಮಾತನ್ನೇ ತೆಗೆದುಕೊಳ್ಳಿ. ‘ಕೆಲಸಕ್ಕೆ ಹೋಗುವವಳಿಗೆ ಮಾತ್ರ ಬಸ್ ಹತ್ತುವ ಹಕ್ಕಿದೆ ಎಂಬುದನ್ನು ತಾನೂ ಒಪ್ಪಿಕೊಂಡಿರುವುದು’ ಎಂದು ಐದನೆಯ ಕೋಡ್ ಹಾಕಬಹುದೇ? ಆಸೆ ಹುಟ್ಟಿಸುವ ಕೋಡ್ ಇದು. ಆದರೆ ಆಕೆ ಕಂಡಕ್ಟರನ ಬಾಯಿ ಮುಚ್ಚಿಸಲು ಬುಟ್ಟಿ ತೋರಿಸಿರಬಹುದು ಅಷ್ಟೇ, ಅವನ ಮಾತನ್ನು ಮನಸ್ಸಿನಲ್ಲಿ ಒಪ್ಪಿಲ್ಲದಿರಬಹುದು. ಈ ಒಂದು ತುಣುಕಿನಿಂದ ತೀರ್ಮಾನ ಸಾಧ್ಯವಿಲ್ಲ. ಹಾಗಾಗಿ ವಿದ್ಯಾರ್ಥಿನಿ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಓದುತ್ತಾಳೆ. ನಾಲ್ಕು ಪುಟಗಳ ಆಚೆ ಅದೇ ಮಹಿಳೆಯ ಇನ್ನೊಂದು ಮಾತು ಸಿಗುತ್ತದೆ: “ನಮ್ಮೂರಲ್ಲೂ ಕೆಲವ್ರು ಸುಮ್ನೆ ಹೋಗ್ತಾರೆ. ಅಂಥೋರಿಂದ ನಮಗೂ ಕೆಟ್ಟ ಹೆಸ್ರು.” ಈಗ ಆ ಕೋಡಿಗೆ ಆಧಾರ ಸಿಕ್ಕಿತು. ಮಾತಿನ ಒಳಗಿನ ಅರ್ಥ ಹೇಳುವ ಯಾವ ಕೋಡನ್ನೇ ಆಗಲಿ ಹೀಗೆ ಅದೇ ಸಂದರ್ಶನದ ಇನ್ನೊಂದು ಜಾಗದಲ್ಲಿ ಒರೆಹಚ್ಚಿ ನೋಡಬೇಕು. ಆಧಾರ ಸಿಗದಿದ್ದರೆ ಬಿಟ್ಟುಬಿಡಬೇಕು.

ಈ ಕೆಲಸಕ್ಕೆ ದೊಡ್ಡ ಸಾಧನ ಬೇಕಿಲ್ಲ. ಎಕ್ಸೆಲ್ ಹಾಳೆಯಲ್ಲಿ ಮೂರು ಕಾಲಂ ಸಾಕು: ಯಾರ ಮಾತು ಮತ್ತು ಎಷ್ಟನೇ ಸಾಲು, ಮಾತಿನ ತುಣುಕು, ಅದಕ್ಕೆ ಹಾಕಿದ ಕೋಡ್. ಎನ್‌ವಿವೊ, ಅಟ್ಲಾಸ್ ಟಿಐ ಎಂಬ ಸಾಫ್ಟ್‌ವೇರ್‌ಗಳಿವೆ, ಅವಕ್ಕೆ ಹಣ ಕೊಡಬೇಕು. ಟ್ಯಾಗೆಟ್, ಕ್ವಾಲ್‌ಕೋಡರ್ ಉಚಿತ. ಇವು ತುಣುಕುಗಳನ್ನು ಜೋಡಿಸಿಟ್ಟು ಬೇಕೆಂದಾಗ ತೆಗೆದುಕೊಡುತ್ತವೆ. ಯಾವ ಮಾತಿಗೆ ಯಾವ ಕೋಡ್ ಎಂಬ ನಿರ್ಧಾರ ಮಾತ್ರ ಓದುವವರದೇ.

ಮೊದಲ ಸಂದರ್ಶನಕ್ಕೆ ಹಾಕಿದ ಕೋಡ್‌ಗಳು ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಒರಟಾಗಿ ಕಾಣತೊಡಗುತ್ತವೆ. ಓದುವ ಕಣ್ಣು ಅಷ್ಟರಲ್ಲಿ ಪಳಗಿರುತ್ತದೆ. ಆದ್ದರಿಂದ ಆರೂ ಮುಗಿದ ಮೇಲೆ ಮೊದಲನೆಯದಕ್ಕೆ ಹಿಂತಿರುಗಿ ಇನ್ನೊಂದು ಸುತ್ತು ಕೋಡ್ ಮಾಡಬೇಕು. ಎರಡನೆಯ ಸುತ್ತನ್ನು ಕೊನೆಯ ಸಂದರ್ಶನದಿಂದ ಆರಂಭಿಸಿ ಹಿಂದಕ್ಕೆ ಬಂದರೆ, ಎಲ್ಲವನ್ನೂ ಒಂದೇ ಕ್ರಮದಲ್ಲಿ ಓದಿ ಒಂದೇ ತೀರ್ಮಾನಕ್ಕೆ ಅಂಟಿಕೊಳ್ಳುವುದು ತಪ್ಪುತ್ತದೆ.

ಕೋಡ್‌ನಿಂದ ಥೀಮ್‌ಗೆ

ಎರಡು ಸುತ್ತು ಮುಗಿದಾಗ ಆರು ಸಂದರ್ಶನಗಳಿಂದ ಎಂಬತ್ತೋ ನೂರೋ ಕೋಡ್‌ಗಳು ಆಗಿರುತ್ತವೆ. ಒಂದೇ ಅರ್ಥದವನ್ನು ಕೂಡಿಸಿದರೆ ಈ ಸಂಖ್ಯೆ ಅರ್ಧಕ್ಕೆ ಇಳಿಯಬಹುದು. ಮೊದಲು ಹೇಳಿದ ತಪ್ಪು ನಡೆಯುವುದು ಇಲ್ಲೇ. ಖರ್ಚಿನ ಪ್ರಶ್ನೆಗೆ ಬಂದ ಉತ್ತರಗಳ ಕೋಡ್ ಒಂದು ಕಡೆ, ಓಡಾಟದ್ದು ಇನ್ನೊಂದು ಕಡೆ, ಬಸ್ಸಿನ ಅನುಭವದ್ದು ಮತ್ತೊಂದು ಕಡೆ ಎಂದು ಗುಡ್ಡೆ ಹಾಕಿಬಿಡುವುದು ಸುಲಭ. ಹಾಗೆ ಮಾಡಿದರೆ ನಮ್ಮ ಪ್ರಶ್ನಾವಳಿಯೇ ನಮಗೆ ವಾಪಸು ಬರುತ್ತದೆ.

ಅದರ ಬದಲು ಕೋಡ್‌ಗಳನ್ನು ಚೀಟಿಗಳಲ್ಲಿ ಬರೆದು ನೆಲದ ಮೇಲೆ ಹರಡಿ, ಅವು ಯಾವ ಪ್ರಶ್ನೆಗೆ ಬಂದ ಉತ್ತರ ಎಂಬುದನ್ನು ಮರೆತು ನೋಡಬೇಕು. ನಮ್ಮ ಉದಾಹರಣೆಯಲ್ಲಿ ಬಿ.ಕಾಂ. ಓದುವ ಹುಡುಗಿಯೊಬ್ಬಳು ಓಡಾಟದ ಪ್ರಶ್ನೆಗೆ ಹೀಗೆಂದಿದ್ದಳು: “ಕಂಡಕ್ಟರ್ ಏನೂ ಕೇಳಲ್ಲ. ಅಮ್ಮ ಕೇಳ್ತಾರೆ. ಫ್ರೀ ಬಸ್ಸಿದೆ ಅಂತ ದಿನಾ ಲೈಬ್ರರಿಗಾ ಅಂತ. ಪುಸ್ತಕ ತಂದು ತೋರಿಸ್ತೀನಿ.” ಮಗನ ಮನೆಯಲ್ಲಿರುವ ವಿಧವೆಯೊಬ್ಬರು ಖರ್ಚಿನ ಪ್ರಶ್ನೆಗೆ ಉತ್ತರಿಸುತ್ತ ಹೇಳಿದ್ದು: “ದುಡ್ಡಿನ ಮಾತೇನಿಲ್ಲ ಈಗ. ದೇವಸ್ಥಾನಕ್ಕೆ ಅಂದ್ರೆ ಯಾರೂ ಏನೂ ಅನ್ನಲ್ಲ. ಮಗಳ ಮನೆಗೆ ಅಂದ್ರೆ, ಮತ್ತೆ ಹೊರಟ್ಯಾ ಅಂತಾನೆ.” ಹೂವಿನ ವ್ಯಾಪಾರಿಯ ಬುಟ್ಟಿಯ ಮಾತು ಬಂದದ್ದು ಬಸ್ಸಿನ ಅನುಭವದ ಪ್ರಶ್ನೆಗೆ.

ಮೂರು ಪ್ರಶ್ನೆ, ಮೂವರು ಮಹಿಳೆಯರು, ಕೇಳಿದವರು ಒಬ್ಬ ಕಂಡಕ್ಟರ್, ಒಬ್ಬ ತಾಯಿ, ಒಬ್ಬ ಮಗ. ಆದರೆ ಮೂರರಲ್ಲೂ ನಡೆಯುತ್ತಿರುವುದು ಒಂದೇ. ಪ್ರಯಾಣಕ್ಕೆ ಹಣ ಕೊಡಬೇಕಿಲ್ಲವಾದರೂ ಏಕೆ ಹೊರಟಿದ್ದೇನೆ ಎಂಬುದಕ್ಕೆ ವಿವರಣೆ ಕೊಡಬೇಕಾಗಿದೆ. ಬುಟ್ಟಿ, ಲೈಬ್ರರಿ ಪುಸ್ತಕ, ದೇವಸ್ಥಾನದ ಹೆಸರು ಇವೆಲ್ಲ ಆ ವಿವರಣೆಗೆ ಪುರಾವೆಗಳು. ಥೀಮ್ ಎಂದರೆ ಇದು. ವಿದ್ಯಾರ್ಥಿನಿ ಇದಕ್ಕೆ ‘ಟಿಕೆಟ್ ಬೇಡ, ಕಾರಣ ಬೇಕು’ ಎಂದು ತಾತ್ಕಾಲಿಕ ಹೆಸರಿಡುತ್ತಾಳೆ. ಮೂರು ಪ್ರಶ್ನೆಗಳ ಕೆಳಗೆ ಪ್ರತ್ಯೇಕವಾಗಿ ಬರೆದಿದ್ದರೆ ಇದು ಕಣ್ಣಿಗೇ ಬೀಳುತ್ತಿರಲಿಲ್ಲ.

ಎರಡನೆಯ ಥೀಮ್ ಹಣದ ಕೋಡ್‌ಗಳ ನಡುವಿನಿಂದಲೇ ಹುಟ್ಟುತ್ತದೆ, ಆದರೆ ‘ಉಳಿತಾಯ’ ಎಂಬ ಹೆಸರಿನಿಂದಲ್ಲ. ಹೂವಿನ ವ್ಯಾಪಾರಿ ‘ಉಳಿಯುತ್ತೆ’ ಎಂದು ಹೇಳಿ ನಕ್ಕಿದ್ದರು, ಕೈಯಲ್ಲಿ ಏನೂ ಇರುವುದಿಲ್ಲ ಎಂದಿದ್ದರು. ವಿಧವೆ ಇನ್ನೊಂದೆಡೆ ಹೇಳುತ್ತಾರೆ: “ಮುಂಚೆ ಮಗನ್ನ ಕೇಳ್ಬೇಕಿತ್ತು, ಸೊಸೆ ಮುಖ ನೋಡ್ಬೇಕಿತ್ತು.” ಇವರಿಗೆ ಬದಲಾವಣೆಯೆಂದು ಕಂಡದ್ದು ಕೇಳುವ ಪ್ರಸಂಗ ತಪ್ಪಿದ್ದು, ಹಣ ಕೂಡಿದ್ದಲ್ಲ. ಹಾಗಾಗಿ ಥೀಮ್ ‘ಉಳಿತಾಯಕ್ಕಿಂತ ದೊಡ್ಡದು ಕೈಚಾಚದಿರುವುದು’ ಎಂದಾಗುತ್ತದೆ. ಧ್ವನಿಮುದ್ರಣದಲ್ಲಿದ್ದ ಆ ನಗುವನ್ನು ಬರೆದುಕೊಳ್ಳದಿದ್ದರೆ ‘ಈಗ ಉಳಿಯುತ್ತೆ’ ಎಂಬ ಮಾತು ನೇರ ಉಳಿತಾಯದ ಲೆಕ್ಕಕ್ಕೆ ಹೋಗಿಬಿಡುತ್ತಿತ್ತು.

ಒಪ್ಪದ ಮಾತನ್ನು ಏನು ಮಾಡುವುದು

ಥೀಮ್ ಸಿಕ್ಕ ಖುಷಿಯಲ್ಲಿ ಬರವಣಿಗೆ ಶುರು ಮಾಡಬಾರದು. ನಾಲ್ಕನೆಯ ಹಂತವಾದ ಪರೀಕ್ಷೆಯನ್ನು ಅಸೈನ್‌ಮೆಂಟ್‌ಗಳಲ್ಲಿ ಹೆಚ್ಚಾಗಿ ಹಾರಿಸಿಬಿಡುತ್ತಾರೆ. ಗಟ್ಟಿ ಥೀಮ್ ಯಾವುದು, ಪೊಳ್ಳು ಯಾವುದು ಎಂದು ಬೇರೆಯಾಗುವುದು ಇಲ್ಲಿ.

ಪರೀಕ್ಷೆ ಎರಡು ಸುತ್ತಿನದು. ಮೊದಲು ಥೀಮಿನ ಕೆಳಗೆ ಸೇರಿಸಿದ ಎಲ್ಲ ತುಣುಕುಗಳನ್ನು ಒಟ್ಟಿಗೆ ಓದಬೇಕು, ಕೋಡ್‌ಗಳನ್ನಲ್ಲ, ಮೂಲ ಮಾತುಗಳನ್ನು. ಕೋಡಿನ ಹೆಸರು ಹೊಂದಿಕೊಂಡರೂ ಮಾತು ಹೊಂದಿಕೊಳ್ಳದಿರುವುದು ಆಗಾಗ ಕಾಣುತ್ತದೆ. ನಮ್ಮ ಉದಾಹರಣೆಯಲ್ಲಿ ‘ಕಂಡಕ್ಟರ್ ಗದರುವುದು’ ಎಂಬ ಕೋಡನ್ನು ವಿದ್ಯಾರ್ಥಿನಿ ‘ಟಿಕೆಟ್ ಬೇಡ, ಕಾರಣ ಬೇಕು’ ಥೀಮಿಗೆ ಸೇರಿಸಿದ್ದಳು. ತುಣುಕು ತೆರೆದು ನೋಡಿದರೆ ಅದು ಗುರುತಿನ ಚೀಟಿ ತೆಗೆಯಲು ತಡವಾದದ್ದಕ್ಕೆ ಗದರಿದ ಪ್ರಸಂಗ. ಏಕೆ ಹೊರಟೆ ಎಂದು ಅಲ್ಲಿ ಯಾರೂ ಕೇಳಿಲ್ಲ. ಆ ತುಣುಕು ಥೀಮಿನಿಂದ ಹೊರಗೆ ಹೋಗಬೇಕು.

ಎರಡನೆಯ ಸುತ್ತಿನಲ್ಲಿ ಆರೂ ಸಂದರ್ಶನಗಳನ್ನು ಮತ್ತೊಮ್ಮೆ ಓದಬೇಕು. ಈ ಬಾರಿ ಥೀಮಿಗೆ ವಿರುದ್ಧವಾದ ಮಾತು ಎಲ್ಲಾದರೂ ಇದೆಯೇ ಎಂದು ಬೇಕೆಂದೇ ಹುಡುಕಬೇಕು. ಇಲ್ಲಿ ಅಂಥದೊಂದು ಇದೆ. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತ, ಗೆಳತಿಯರೊಂದಿಗೆ ಬಾಡಿಗೆ ಕೋಣೆಯಲ್ಲಿರುವ ಯುವತಿ ಹೇಳಿದ್ದು: “ಭಾನುವಾರ ಸುಮ್ನೆ ಹತ್ತಿ ಕೂತ್ಕೋತೀನಿ. ಕೊನೇ ಸ್ಟಾಪ್‌ವರೆಗೂ ಹೋಗಿ ವಾಪಸ್ ಬರ್ತೀನಿ. ಯಾರಿಗೆ ಹೇಳ್ಬೇಕು?” ಈಕೆ ಯಾರಿಗೂ ಕಾರಣ ಕೊಡುತ್ತಿಲ್ಲ. ಬೇರೆಯವರಿಗೆ ಕೆಟ್ಟ ಹೆಸರು ತರುವಂಥದು ಎನಿಸಿದ ‘ಸುಮ್ಮನೆ ಓಡಾಟ’ ಈಕೆಗೆ ಭಾನುವಾರದ ಸುಖ.

ಕೆಲವು ವಿದ್ಯಾರ್ಥಿಗಳು ಇಂಥ ಮಾತನ್ನು ಕೈಬಿಡುತ್ತಾರೆ, ಏಕೆಂದರೆ ಅದು ಥೀಮನ್ನು ಕೆಡಿಸುತ್ತದೆ ಎಂಬ ಭಯ. ನಿಜಕ್ಕೂ ಅದು ಥೀಮನ್ನು ಚೂಪುಗೊಳಿಸುತ್ತದೆ. ಈಕೆಗೂ ಉಳಿದವರಿಗೂ ಏನು ವ್ಯತ್ಯಾಸ? ಆಕೆ ಮನೆಯವರೊಂದಿಗೆ ಇಲ್ಲ, ಸ್ವಂತ ಸಂಬಳವಿದೆ. ಹಾಗಾದರೆ ಕಾರಣ ಕೊಡುವ ಒತ್ತಡ ಹೆಚ್ಚಾಗಿ ಬರುವುದು ಒಟ್ಟಿಗೆ ಬಾಳುವ ಮನೆಯೊಳಗಿನಿಂದ ಎಂದು ಥೀಮನ್ನು ತಿದ್ದಬಹುದು. ಕಂಡಕ್ಟರನ ಮಾತು ಆ ಮನೆಯ ದನಿಯನ್ನೇ ಬಸ್ಸಿನಲ್ಲಿ ಮತ್ತೆ ಆಡುತ್ತದೆ ಎಂದೂ ಬರೆಯಬಹುದು. ಒಬ್ಬಳ ಮಾತಿನಿಂದ ಬಂದ ತಿದ್ದುಪಡಿಯಾದ್ದರಿಂದ ‘ಇರಬಹುದು’ ಎನ್ನುವ ಎಚ್ಚರದಲ್ಲಿ ಬರೆಯಬೇಕು. ಆದರೂ ಮೊದಲಿನದಕ್ಕಿಂತ ಇದು ಹೆಚ್ಚು ನಿಖರವಾದ ಥೀಮ್.

ಇನ್ನೊಂದು ವಿಷಯ. ಎಲ್ಲ ಕೋಡ್‌ಗಳೂ ಥೀಮಿನೊಳಗೆ ಸೇರಲೇಬೇಕೆಂಬ ಹಟ ಬೇಡ. ಬಸ್ಸಿನ ನೂಕುನುಗ್ಗಲಿನ ಬಗ್ಗೆ ಆರೂ ಜನ ಮಾತಾಡಿದ್ದರು. ಆದರೆ ‘ರಷ್ ಜಾಸ್ತಿ’ ಎನ್ನುವುದಕ್ಕಿಂತ ಆಚೆಗಿನ ಅರ್ಥ ಯಾರ ಮಾತಿನಲ್ಲೂ ಬೆಳೆಯಲಿಲ್ಲ. ಅದನ್ನು ಹಿನ್ನೆಲೆಯ ಒಂದು ವಾಕ್ಯದಲ್ಲಿ ಹೇಳಿ ಮುಗಿಸಬಹುದು. ಎಷ್ಟು ಜನ ಹೇಳಿದರು ಎಂಬುದರಿಂದ ಥೀಮ್ ಆಗುವುದಿಲ್ಲ. ಸಂಶೋಧನಾ ಪ್ರಶ್ನೆಗೆ ಅದು ಎಷ್ಟು ಆಳವಾದ ಉತ್ತರ ಕೊಡುತ್ತದೆ ಎಂಬುದು ಮುಖ್ಯ. ಹಾಗೆಯೇ ಆರು ಸಂದರ್ಶನಗಳ ಅಸೈನ್‌ಮೆಂಟಿಗೆ ಎರಡು ಅಥವಾ ಮೂರು ಥೀಮ್ ಸಾಕು. ಎಂಟೊಂಬತ್ತು ಥೀಮ್ ಬಂದಿವೆಯೆಂದರೆ ಅವು ಇನ್ನೂ ಕೋಡ್ ಮಟ್ಟದಲ್ಲೇ ಇವೆ, ಕಟ್ಟುವ ಕೆಲಸ ಮುಗಿದಿಲ್ಲ ಎಂದು ತಿಳಿಯಬೇಕು.

ಹೆಸರು ಮತ್ತು ಬರವಣಿಗೆ

ಪ್ರತಿ ಥೀಮಿಗೂ ನಾಲ್ಕೈದು ವಾಕ್ಯಗಳ ವ್ಯಾಖ್ಯಾನ ಬರೆದುಕೊಳ್ಳಬೇಕು: ಇದರ ಕೇಂದ್ರ ವಿಚಾರವೇನು, ಇದರೊಳಗೆ ಏನು ಬರುತ್ತದೆ, ಏನು ಬರುವುದಿಲ್ಲ, ಪಕ್ಕದ ಥೀಮಿನಿಂದ ಇದು ಹೇಗೆ ಬೇರೆ. ನಮ್ಮ ಎರಡು ಥೀಮ್‌ಗಳನ್ನೇ ನೋಡಿ. ಒಂದು ಹಣ ಕೇಳುವ ಕಷ್ಟ ತಪ್ಪಿದ್ದನ್ನು ಹೇಳುತ್ತದೆ, ಇನ್ನೊಂದು ಅನುಮತಿಯ ಪ್ರಶ್ನೆ ಉಳಿದದ್ದನ್ನು ಹೇಳುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ವರದಿಯ ಒಟ್ಟು ಉತ್ತರ ಸಿಗುತ್ತದೆ: ಈ ಮಹಿಳೆಯರ ಅನುಭವದಲ್ಲಿ ಉಚಿತ ಪ್ರಯಾಣವು ಹಣದ ಅವಲಂಬನೆಯನ್ನು ಸಡಿಲಿಸಿದೆ, ಒಪ್ಪಿಗೆಯ ಅವಲಂಬನೆಯನ್ನು ಅಷ್ಟಾಗಿ ಸಡಿಲಿಸಿಲ್ಲ. ಈ ವಾಕ್ಯ ಮೂರು ಪ್ರಶ್ನೆಗಳ ಸಾರಾಂಶದಲ್ಲಿ ಎಲ್ಲಿಯೂ ಬರಲು ಸಾಧ್ಯವಿರಲಿಲ್ಲ.

ಬರೆಯುವಾಗ ಆಡಿದವರ ಮಾತನ್ನು ಉಲ್ಲೇಖಿಸಿದ ಕೂಡಲೇ ಮುಂದಿನದಕ್ಕೆ ಹಾರುವುದು ಸಾಮಾನ್ಯ ದೋಷ. ‘ಹೂವಿನ ವ್ಯಾಪಾರಿಯೊಬ್ಬರು ಕಂಡಕ್ಟರ್ ಹೀಗೆನ್ನುತ್ತಾರೆ ಎಂದರು’ ಎಂದು ಬರೆದು ಮಾತನ್ನು ಕೊಟ್ಟರೆ ಓದುಗರಿಗೆ ಒಂದೇ ಸಂಗತಿಯನ್ನು ಎರಡು ಸಲ ಹೇಳಿದಂತಾಯಿತು. ಉಲ್ಲೇಖದ ನಂತರ ಅದರೊಳಗಿನ ಒಂದು ವಿವರವನ್ನು ಹಿಡಿದು ಬಿಡಿಸಬೇಕು. ಆಕೆ ಉತ್ತರವಾಗಿ ಮಾತಾಡಲಿಲ್ಲ, ಬುಟ್ಟಿ ತೋರಿಸಿದರು. ಹೇಳಿದರೆ ಸಾಲದು, ಕಣ್ಣಿಗೆ ಕಾಣುವ ಪುರಾವೆ ಬೇಕು ಎಂಬ ತಿಳಿವಳಿಕೆ ಆ ವರ್ತನೆಯಲ್ಲಿದೆ. ಹುಡುಗಿ ಪುಸ್ತಕ ತಂದು ತೋರಿಸುವುದೂ ಇದೇ ಬಗೆಯದು. ಹೀಗೆ ಬಿಡಿಸಿದಾಗ ಉಲ್ಲೇಖವು ವಾದದ ಭಾಗವಾಗುತ್ತದೆ. ಎಲ್ಲ ಉಲ್ಲೇಖಗಳೂ ಚೆನ್ನಾಗಿ ಮಾತಾಡಿದ ಒಬ್ಬರಿಂದಲೇ ಬಂದಿಲ್ಲವಷ್ಟೆ ಎಂದೂ ನೋಡಿಕೊಳ್ಳಬೇಕು.

‘ಥೀಮ್‌ಗಳು ತಾವಾಗಿ ಹೊರಹೊಮ್ಮಿದವು’ ಎಂಬ ವಾಕ್ಯ ಅನೇಕ ವರದಿಗಳಲ್ಲಿರುತ್ತದೆ. ಬ್ರೌನ್ ಮತ್ತು ಕ್ಲಾರ್ಕ್ ಇದನ್ನು ಮೊದಲಿನಿಂದ ಆಕ್ಷೇಪಿಸಿದ್ದಾರೆ. ಥೀಮ್ ಟ್ರಾನ್ಸ್‌ಕ್ರಿಪ್ಟಿನೊಳಗೆ ಅಡಗಿ ಕೂತಿರುವುದಿಲ್ಲ, ಓದುವವರು ತಮ್ಮ ತಿಳಿವಳಿಕೆಯಿಂದ ಅದನ್ನು ಕಟ್ಟುತ್ತಾರೆ. ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬಂದು ಓದಿದ ವಿದ್ಯಾರ್ಥಿನಿಗೆ ಕಾಣುವುದು, ನಗರದಲ್ಲಿ ಸ್ಕೂಟರಿನಲ್ಲಿ ಓಡಾಡುವವಳಿಗೆ ಕಾಣದಿರಬಹುದು. ತಾನು ಯಾರು, ಎಲ್ಲಿ ನಿಂತು ನೋಡುತ್ತಿದ್ದೇನೆ, ಅದರಿಂದ ಓದಿನ ಮೇಲೆ ಏನು ಪರಿಣಾಮವಾಗಿರಬಹುದು ಎಂದು ವಿಧಾನದ ಭಾಗದಲ್ಲಿ ಒಂದು ಪ್ಯಾರಾ ಬರೆಯಬೇಕು.

ಇದಕ್ಕೆ ಅಂಟಿಕೊಂಡ ಒಂದು ಗೊಂದಲವೂ ಇದೆ. ಇಬ್ಬರು ಪ್ರತ್ಯೇಕವಾಗಿ ಕೋಡ್ ಮಾಡಿ, ಎಷ್ಟು ಹೊಂದಿಕೆಯಾಯಿತೆಂದು ಕಪ್ಪಾ ಎಂಬ ಸಂಖ್ಯೆಯಲ್ಲಿ ತೋರಿಸಬೇಕೆಂದು ಕೆಲವು ಮಾರ್ಗದರ್ಶಕರು ಕೇಳುತ್ತಾರೆ. ಮೊದಲೇ ಸಿದ್ಧಪಡಿಸಿದ ಕೋಡ್ ಪಟ್ಟಿಯನ್ನು ಎಲ್ಲ ಮಾತಿಗೂ ಅನ್ವಯಿಸುವ ಪದ್ಧತಿಯಲ್ಲಿ ಅದಕ್ಕೆ ಅರ್ಥವಿದೆ. ರಿಚರ್ಡ್ ಬೊಯಾಟ್ಜಿಸ್ 1998ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದು ಆ ದಾರಿಯನ್ನು. ಬ್ರೌನ್ ಮತ್ತು ಕ್ಲಾರ್ಕ್ ಅವರ ದಾರಿಯಲ್ಲಿ ಕೋಡ್‌ಗಳು ಓದುತ್ತ ಬದಲಾಗುತ್ತವೆ, ಓದುವವರ ದೃಷ್ಟಿಯೇ ಅಲ್ಲಿ ಸಾಧನ. ಆದ್ದರಿಂದ ಆ ಸಂಖ್ಯೆಗೆ ಅಲ್ಲಿ ಜಾಗವಿಲ್ಲ. ಇನ್ನೊಬ್ಬರಿಗೆ ಕೋಡ್ ತೋರಿಸಿ ಚರ್ಚಿಸಿದರೆ ಕಣ್ತಪ್ಪಿದ್ದು ಕಾಣುತ್ತದೆ, ಅದು ಬೇರೆ ಮಾತು. ಎರಡು ದಾರಿಗಳಲ್ಲಿ ಯಾವುದನ್ನು ಹಿಡಿದಿದ್ದೇವೆ ಎಂದು ಹೇಳಿ, ಅದರ ನಿಯಮಕ್ಕೇ ನಿಲ್ಲಬೇಕು. ಎರಡನ್ನೂ ಬೆರೆಸಿದ ವರದಿ ಎರಡು ಕಡೆಯ ಪ್ರಶ್ನೆಗೂ ಉತ್ತರಿಸಲಾರದು.

ಎಲ್ಲಿ ನಿಲ್ಲಬೇಕು

ಆರು ಮಹಿಳೆಯರ ಮಾತಿನಿಂದ ‘ಕರ್ನಾಟಕದ ಬಹುಪಾಲು ಮಹಿಳೆಯರು’ ಎಂದು ಬರೆಯಲಾಗದು. ‘ಶೇಕಡಾ 67ರಷ್ಟು ಮಂದಿ’ ಎಂದರೆ ಇಲ್ಲಿ ನಾಲ್ಕು ಜನ, ಅಷ್ಟೇ. ಶೇಕಡಾವಾರು ಲೆಕ್ಕ ಇಲ್ಲದ ತೂಕವನ್ನು ತೋರಿಸುತ್ತದೆ. ಯೋಜನೆ ಗೆದ್ದಿತೋ ಸೋತಿತೋ ಎಂಬ ತೀರ್ಪನ್ನೂ ಈ ವಿಧಾನ ಕೊಡಲಾರದು. ಉಚಿತ ಪ್ರಯಾಣವನ್ನು ಈ ಆರು ಜನ ತಮ್ಮ ಬದುಕಿನಲ್ಲಿ ಹೇಗೆ ಅರ್ಥ ಮಾಡಿಕೊಂಡಿದ್ದಾರೆ ಎಂಬುದನ್ನು ಅದು ಹೇಳಬಲ್ಲದು, ಅಂಕಿಅಂಶಗಳ ಸಮೀಕ್ಷೆಗೆ ಕಾಣದ್ದನ್ನು ಹೇಳಬಲ್ಲದು.

ಮಾತಾಡಿದವರ ಗುರುತು ಕಾಪಾಡುವುದೂ ಇಲ್ಲಿಗೇ ಸೇರಿದ್ದು. ಹೆಸರು ಬದಲಿಸಿದ ಮಾತ್ರಕ್ಕೆ ಗುರುತು ಮರೆಯಾಗುವುದಿಲ್ಲ. ‘ಇಂಥ ಹಳ್ಳಿಯಿಂದ ಹೂವು ಮಾರಲು ಹೋಗುವ 45ರ ಮಹಿಳೆ’ ಎಂದರೆ ಊರಿನವರಿಗೆ ಯಾರೆಂದು ಗೊತ್ತಾಗಿಬಿಡುತ್ತದೆ. ಗಂಡನ ಮುಂದೆ ಕೈಚಾಚುವ ಮಾತು ಆ ಗಂಡನ ಕಿವಿಗೂ ಬೀಳಬಹುದು. ಊರಿನ ಹೆಸರು ತೆಗೆಯಬೇಕು, ಗುರುತು ಬಿಟ್ಟುಕೊಡುವ ವಿವರವನ್ನು ಸಡಿಲಿಸಬೇಕು, ಇಡೀ ಟ್ರಾನ್ಸ್‌ಕ್ರಿಪ್ಟನ್ನು ಅನುಬಂಧವಾಗಿ ಸೇರಿಸುವ ಮುನ್ನ ಎರಡು ಸಲ ಯೋಚಿಸಬೇಕು.

ಅಸೈನ್‌ಮೆಂಟ್ ಸಲ್ಲಿಸುವ ಮುನ್ನ ಒಂದು ಪರೀಕ್ಷೆ ಮಾಡಿ ನೋಡಿ. ನಿಮ್ಮ ಥೀಮ್‌ಗಳ ಹೆಸರನ್ನು ಒಂದು ಹಾಳೆಯಲ್ಲಿ, ಸಂದರ್ಶನದ ಪ್ರಶ್ನೆಗಳನ್ನು ಇನ್ನೊಂದು ಹಾಳೆಯಲ್ಲಿ ಬರೆದು ಪಕ್ಕಪಕ್ಕ ಇಡಿ. ಎರಡೂ ಒಂದಕ್ಕೊಂದು ತಾಳೆಯಾಗುತ್ತಿದ್ದರೆ ಮೂರನೆಯ ಹಂತಕ್ಕೆ ಹಿಂತಿರುಗಿ, ಕೋಡ್‌ಗಳನ್ನು ಮತ್ತೆ ಹರಡಿ. ಒಂದು ವಾರ ಹೆಚ್ಚು ಬೇಕಾದರೆ ನಿಮ್ಮ ಮೇಷ್ಟ್ರನ್ನು ಕೇಳಿ ಪಡೆಯಿರಿ. ತಮ್ಮ ಕೆಲಸ ಬಿಟ್ಟು ನಲವತ್ತು ನಿಮಿಷ ನಿಮ್ಮೊಂದಿಗೆ ಮಾತಾಡಿದವರಿಗೆ ಅಷ್ಟು ಶ್ರಮವನ್ನು ನೀವು ಸಲ್ಲಿಸಲೇಬೇಕು.